ಲೋಬುಚೆಯಲ್ಲಿ ಏದುಸಿರು ಬಂದರೆ ರೆಸ್ಟ್ ಡೇ ಸಾಕಾ?

"ಅಕ್ಟೋಬರ್‌ನಲ್ಲಿ ಎವರೆಸ್ಟ್ ಬೇಸ್ ಕ್ಯಾಂಪ್ ಟ್ರೆಕ್, ದಾರಿಯಲ್ಲಿ ಡಿಂಗ್ಬೋಚೆಯಲ್ಲಿ ಒಂದು ರಾತ್ರಿ, ಆಮೇಲೆ ಲೋಬುಚೆ. ಯಾರಿಗಾದರೂ ಉಸಿರಾಟ ಕಷ್ಟ ಆದರೆ ಲೋಬುಚೆಯಲ್ಲೇ ಒಂದು ರೆಸ್ಟ್ ಡೇ, ಡೈಮಾಕ್ಸ್, ಜೊತೆಗೆ ಎರಡು ಆಕ್ಸಿಜನ್ ಕ್ಯಾನ್. ಇಷ್ಟು ಸಾಕಲ್ವಾ?"

ಸಾಕಾಗಲ್ಲ ಸರ್. ರೆಸ್ಟ್ ಡೇ ತಲೆನೋವಿಗೆ, ಹೊಟ್ಟೆ ತೊಳಸುವುದಕ್ಕೆ ಸರಿ. ಆದರೆ ಹೇಪ್, ಅಂದರೆ ಎತ್ತರದಲ್ಲಿ ಶ್ವಾಸಕೋಶಕ್ಕೆ ನೀರು ತುಂಬುವ ಕಾಯಿಲೆ, ಶುರುವಾದವರನ್ನು ಅದೇ ಎತ್ತರದಲ್ಲಿ ಇನ್ನೊಂದು ರಾತ್ರಿ ಮಲಗಿಸಿದರೆ ಕಾಯಿಲೆ ಬೆಳೆಯುತ್ತದೆ ಅಷ್ಟೆ. ನಿದ್ದೆಯಲ್ಲಿ ರಕ್ತದ ಆಮ್ಲಜನಕ ಇನ್ನೂ ಇಳಿಯುತ್ತೆ, ಅದಕ್ಕೇ ಬಹುಪಾಲು ಜನರಿಗೆ ಕೆಡುವುದು ರಾತ್ರಿ ಹೊತ್ತಿನಲ್ಲೇ. ನಮ್ಮ ಗುಂಪೂ ಇದೇ ಲೆಕ್ಕ ಹಾಕಿಕೊಂಡು ಹೋಗಿತ್ತು.

ನಮ್ಮಲ್ಲಿ ಒಬ್ಬ ಮ್ಯಾರಥಾನ್ ಓಡುವ ಹುಡುಗ. ಡಿಂಗ್ಬೋಚೆ ತನಕ ಎಲ್ಲರಿಗಿಂತ ಮುಂದೆ ಇದ್ದವನು ಲೋಬುಚೆಗೆ ಎಲ್ಲರಿಗಿಂತ ಕೊನೆಗೆ ಬಂದ. ಅದೇ ಮೊದಲ ಲಕ್ಷಣ, ಆದರೆ ಯಾರೂ ಅದನ್ನು ಲಕ್ಷಣ ಅಂದುಕೊಳ್ಳಲಿಲ್ಲ. ಒಣ ಕೆಮ್ಮು ಇತ್ತು. ಅಲ್ಲಿ ಧೂಳು, ಒಣ ಗಾಳಿಗೆ ಎಲ್ಲರಿಗೂ ಕೆಮ್ಮು ಇರುತ್ತೆ, 'ಖುಂಬು ಕಾಫ್' ಬಿಡು ಅಂದೆವು. ತಲೆನೋವು ಇಲ್ಲವೇ ಇಲ್ಲ, ಹಾಗಾಗಿ ಎತ್ತರದ ಕಾಯಿಲೆ ಅಲ್ಲ ಅಂತಲೂ ತೀರ್ಮಾನ ಆಯಿತು. ಇದು ದೊಡ್ಡ ಮೋಸ. ಹೇಪ್ ಬಂದ ಎಷ್ಟೋ ಜನರಿಗೆ ತಲೆನೋವು ಇರುವುದೇ ಇಲ್ಲ.

ಸಂಜೆ ಊಟದ ಹಾಲ್‌ನಲ್ಲಿ ಒಲೆ ಪಕ್ಕ ಕೂತಿದ್ದಾಗ ನಮ್ಮ ಗೈಡ್ ಅವನ ಎದೆ ನೋಡುತ್ತಾ ಉಸಿರು ಎಣಿಸಿದರು. ಅವನು ಅರ್ಧ ಗಂಟೆಯಿಂದ ಅಲ್ಲಾಡದೆ ಕೂತಿದ್ದರೂ ನಿಮಿಷಕ್ಕೆ 30 ದಾಟಿತ್ತು. ನಮ್ಮೆಲ್ಲರ ಆಕ್ಸಿಮೀಟರ್ 80ರ ಮೇಲೆ ತೋರಿಸಿದರೆ ಅವನದ್ದು 60ರ ಆಸುಪಾಸು. ಬೆರಳು ತಣ್ಣಗಿದೆ, ಮೆಷಿನ್ ಸರಿ ಇಲ್ಲ ಅಂತ ನಮ್ಮಲ್ಲೇ ಒಬ್ಬರು ವಾದ ಮಾಡಿದರು. ಬೆರಳು ತಣ್ಣಗಿದ್ದರೆ ತಪ್ಪು ಓದುತ್ತೆ, ನಿಜ. ಆದರೆ ಬಿಸಿ ನೀರಿನ ಬಾಟಲಿ ಹಿಡಿಸಿ ಮತ್ತೆ ಹಾಕಿದರೂ ಅಷ್ಟೇ ಬಂತು. ಬೆಳಿಗ್ಗೆ ನೋಡೋಣ ಅಂತ ಮಲಗಿದೆವು. ನಡುರಾತ್ರಿ ದಾಟಿದ ಮೇಲೆ ಅವನಿಗೆ ಮಲಗಲು ಆಗದೆ ಗೋಡೆಗೆ ಒರಗಿ ಕೂತ. ಟಾರ್ಚ್ ಬೆಳಕಿನಲ್ಲಿ ತುಟಿ ನೀಲಿ, ಬೆನ್ನಿಗೆ ಕಿವಿ ಇಟ್ಟರೆ ಚಿಟಿಪಿಟಿ ಸದ್ದು, ಟಿಶ್ಯೂ ಪೇಪರ್‌ನಲ್ಲಿ ನಸುಗೆಂಪು ನೊರೆ.

ಗೈಡ್ ಯಾರನ್ನೂ ಕೇಳಲಿಲ್ಲ. ಲಾಡ್ಜ್‌ನವರ ಹತ್ತಿರ ಕುದುರೆ ಮಾತಾಡಿ, ಎರಡು ಜಾಕೆಟ್ ಹೊದಿಸಿ ಕತ್ತಲಲ್ಲೇ ಹೊರಡಿಸಿದರು. ತುಕ್ಲಾ ಪಾಸ್ ಕೆಳಗಿನ ಕಡಿದಾದ ಇಳಿಜಾರಿನಲ್ಲಿ ಮಾತ್ರ ಇಬ್ಬರು ಹಿಡಿದು ಇಳಿಸಿದರು. ಲೋಬುಚೆ 4,940 ಮೀಟರ್, ಫೆರಿಚೆ 4,240. ಫೆರಿಚೆಯಲ್ಲಿ ಸೀಸನ್‌ನಲ್ಲಿ ಹಿಮಾಲಯನ್ ರೆಸ್ಕ್ಯೂ ಅಸೋಸಿಯೇಷನ್ ಕ್ಲಿನಿಕ್ ತೆರೆದಿರುತ್ತೆ. ಅಲ್ಲಿ ಆಕ್ಸಿಜನ್ ಕೊಟ್ಟರು, ಮಾರನೇ ದಿನ ಇನ್ನೂ ಕೆಳಗೆ ಪಾಂಗ್ಬೋಚೆಗೆ ಕಳಿಸಿದರು. ಆ ಸಂಜೆ ಅವನು ದಾಲ್ ಭಾತ್ ಎರಡನೇ ಸಲ ಹಾಕಿಸಿಕೊಂಡ.

ಇಷ್ಟು ಬೇಗ ಗುಣ ಆಗುವುದು ಯಾಕೆ ಅಂದರೆ ಇದು ಸೋಂಕಲ್ಲ. ಉಸಿರಾಡುವ ಗಾಳಿಯಲ್ಲಿ ಆಮ್ಲಜನಕ ಕಮ್ಮಿ ಸಿಕ್ಕಾಗ ಶ್ವಾಸಕೋಶದ ರಕ್ತನಾಳಗಳು ಬಿಗಿಯುತ್ತವೆ, ಆದರೆ ಎಲ್ಲಾ ಕಡೆ ಒಂದೇ ಸಮ ಬಿಗಿಯುವುದಿಲ್ಲ. ನಾಲೆಯ ಹತ್ತು ತೂಬಿನಲ್ಲಿ ಏಳು ಮುಚ್ಚಿದರೆ ಉಳಿದ ಮೂರರ ಬದು ಒಡೆಯುತ್ತಲ್ಲ, ಹಾಗೆ ಬಿಗಿಯದ ಜಾಗಕ್ಕೆ ಎಲ್ಲಾ ರಕ್ತ ನುಗ್ಗಿ, ತೆಳ್ಳನೆಯ ಗೋಡೆಯಿಂದ ನೀರು ಗಾಳಿಚೀಲಕ್ಕೆ ಸೋರುತ್ತೆ. ನೀರು ತುಂಬಿದಷ್ಟೂ ಆಮ್ಲಜನಕ ಇಳಿಯುತ್ತೆ, ಇಳಿದಷ್ಟೂ ನಾಳ ಇನ್ನೂ ಬಿಗಿಯುತ್ತೆ. ಕೆಳಗಿಳಿದರೆ ಈ ಸುತ್ತು ಮೂಲದಲ್ಲೇ ಕಡಿಯುತ್ತೆ. ಕನಿಷ್ಠ 1,000 ಮೀಟರ್, ಅಥವಾ ಉಸಿರು ಸರಿ ಹೋಗುವವರೆಗೆ ಇಳಿಸಬೇಕು. ಆದರೆ ಅವರನ್ನು ನಡೆಸಿ ಸುಸ್ತು ಮಾಡಬೇಡಿ, ಬ್ಯಾಗಂತೂ ಕೊಡಲೇಬೇಡಿ. ಶ್ರಮಕ್ಕೂ ಚಳಿಗೂ ಶ್ವಾಸಕೋಶದ ನಾಳಗಳ ಒತ್ತಡ ಇನ್ನೂ ಏರುತ್ತೆ.

ಮೇಲೆ ಕಾಮೆಂಟ್‌ನಲ್ಲಿ ಒಬ್ಬರು ಅಣ್ಣ "ನೀರು ತುಂಬಿದೆ ಅಂದ ಮೇಲೆ ಲಾಸಿಕ್ಸ್ ಕೊಟ್ಟು ಮೂತ್ರದಲ್ಲಿ ಹೊರಗೆ ಹಾಕಿಸಿ" ಅಂತ ಬರೆದಿದ್ದಾರೆ. ಅಣ್ಣಾ, ನೀರು ಇರೋದು ಶ್ವಾಸಕೋಶದಲ್ಲಿ ಅನ್ನೋವರೆಗೆ ನೀವು ಸರಿ. ಆದರೆ ಹೃದಯ ಸೋತು ತುಂಬಿದ ನೀರಲ್ಲ ಇದು, ಮೈಯಲ್ಲಿ ಹೆಚ್ಚಿನ ನೀರೂ ಇಲ್ಲ. ಅಲ್ಲಿ ಎಲ್ಲರೂ ಮೊದಲೇ ಒಣಗಿರುತ್ತಾರೆ, ಲಾಸಿಕ್ಸ್ ಕೊಟ್ಟರೆ ಬಿಪಿ ಬಿದ್ದು ನಡುದಾರಿಯಲ್ಲಿ ಕುಸಿಯುತ್ತಾರೆ. ಡೈಮಾಕ್ಸ್ ಕೂಡ ಮೊದಲೇ ಒಗ್ಗಿಕೊಳ್ಳಲು ಸಹಾಯ ಮಾಡುವ ಮಾತ್ರೆ, ಹೇಪ್ ಬಂದ ಮೇಲೆ ಅದನ್ನು ನಂಬಬೇಡಿ. ಕಾಮೆಂಟ್‌ನಲ್ಲೇ ಡಾಕ್ಟರ್ ಮೇಡಂ ಒಬ್ಬರು ಹೇಳಿದ ನಿಫೆಡಿಪಿನ್ ನಿಜವಾಗಿ ಆ ಒತ್ತಡ ಇಳಿಸುತ್ತೆ. ನಿಧಾನವಾಗಿ ಕರಗುವ 30 ಮಿಲಿಗ್ರಾಂ ಮಾತ್ರೆ, 12 ಗಂಟೆಗೊಮ್ಮೆ. ಹೋಗುವ ಮುಂಚೆ ನಿಮ್ಮ ಡಾಕ್ಟರ್ ಹತ್ತಿರ ಬರೆಸಿಕೊಳ್ಳಿ. ಅದು ಇಳಿಯಲು ಆಗದಾಗ, ಆಕ್ಸಿಜನ್ ಸಿಗದಾಗ. ಇಳಿಯೋದಕ್ಕೆ ಬದಲಿ ಅಲ್ಲ.

ಆಕ್ಸಿಜನ್ ಕ್ಯಾನ್ ಬಗ್ಗೆ ಸ್ವಲ್ಪ ಸಿಟ್ಟಿದೆ. ಯಾವ ಕಂಪನಿಯದ್ದಾದರೂ ಅಷ್ಟೇ, ಎಷ್ಟೇ ಚೆಂದದ ಮುಚ್ಚಳ ಇರಲಿ. 10 ಲೀಟರ್ ಅಂತ ಬರೆದಿರುತ್ತೆ. ರೋಗಿಗೆ ನಿಮಿಷಕ್ಕೆ 2ರಿಂದ 4 ಲೀಟರ್ ಬೇಕು. ಲೆಕ್ಕ ನೀವೇ ಹಾಕಿ, ಹೆಚ್ಚೆಂದರೆ ಐದು ನಿಮಿಷಕ್ಕೆ ಖಾಲಿ. ಆ ದುಡ್ಡಿನಲ್ಲಿ ಗೈಡ್ ಹತ್ತಿರ ನಿಜವಾದ ಸಿಲಿಂಡರ್, ಮಾಸ್ಕ್ ಇದೆಯಾ ಅಂತ ಮೊದಲೇ ಮಾತಾಡಿ.

"ನಮ್ಮ ಅಪ್ಪನಿಗೆ ಲೇಹ್‌ನಲ್ಲಿ ಹೀಗೇ ಆಯ್ತು, ಇಳಿಸಲೇ ಇಲ್ಲ, ಆಸ್ಪತ್ರೆಯಲ್ಲೇ ಹುಷಾರಾದರು" ಅಂದ ಮೇಡಂ, ನಿಮ್ಮದೂ ಸುಳ್ಳಲ್ಲ. ಲೇಹ್ 3,500 ಮೀಟರ್, ಅಲ್ಲಿ ಆಸ್ಪತ್ರೆ ಇದೆ, ರಾತ್ರಿ ಇಡೀ ನಿಲ್ಲದ ಆಕ್ಸಿಜನ್ ಇದೆ, ನೋಡಿಕೊಳ್ಳುವವರಿದ್ದಾರೆ. ಆಕ್ಸಿಜನ್ ಕೂಡ ನಾಳ ಸಡಿಲಿಸುತ್ತೆ. ಲೋಬುಚೆಯ ಲಾಡ್ಜ್‌ನಲ್ಲಿ ಏನಿದೆ? ಇನ್ನೊಬ್ಬರು ಲೇಹ್ ಹತ್ತಿರದ ಖಾರ್ದುಂಗ್ ಲಾ ಪಾಸ್‌ಗೆ ಬೈಕ್‌ನಲ್ಲಿ ಹೋಗಿ ಬಂದೆ, ಏನೂ ಆಗಲಿಲ್ಲ ಅಂದಿದ್ದಾರೆ. ಅಲ್ಲಿ ಅರ್ಧ ಗಂಟೆ ನಿಂತು ಇಳಿದಿದ್ದೀರಿ ಸರ್, ಮಲಗಿಲ್ಲ. ಹೇಪ್ ಸಾಮಾನ್ಯವಾಗಿ ಹೊಸ ಎತ್ತರಕ್ಕೆ ಬಂದು ಎರಡರಿಂದ ನಾಲ್ಕು ದಿನದೊಳಗೆ ಬರುತ್ತೆ.

ಕತ್ತಲಲ್ಲಿ, ಮಂಜುಗಟ್ಟಿದ ದಾರಿಯಲ್ಲಿ ಇಳಿಸಬೇಕಾ ಅಂತ ಡಾಕ್ಟರ್ ಮೇಡಂ ಕೇಳಿದ್ದು ನ್ಯಾಯವಾದ ಪ್ರಶ್ನೆ. ಸಿಲಿಂಡರ್ ಕೈಯಲ್ಲಿದ್ದರೆ ಬೆಳಕು ಹರಿಯುವ ತನಕ ಕಾಯಬಹುದು ಅಂತ ಅವರು, ಸಿಲಿಂಡರ್ ಇದ್ದರೂ ಇಳಿಸಿ ಅಂತ ನಾನು. ಹೆಲಿಕಾಪ್ಟರ್ ನಂಬಿ ಕೂರಬೇಡಿ, ರಾತ್ರಿ ಬರಲ್ಲ, ಮೋಡ ಇದ್ದರೆ ಹಗಲೂ ಬರಲ್ಲ.

ಇನ್ನೊಂದು. ಇಳಿಯೋದು ಅಂದರೆ ರಸ್ತೆ ಕಡೆಗೆ ಹೋಗೋದು ಅಲ್ಲ. ಲಡಾಖ್‌ನ ಮಾರ್ಖಾ ಕಣಿವೆಯ ನಿಮಾಲಿಂಗ್‌ನಲ್ಲಿ ಕೆಟ್ಟರೆ, ರಸ್ತೆ ಹತ್ತಿರ ಅಂತ ಕೊಂಗ್ಮಾರು ಲಾ ಹತ್ತಿಸುವವರನ್ನು ನೋಡಿದ್ದೇನೆ. 5,200 ಮೀಟರ್ ಮೇಲಿನ ಪಾಸ್ ಅದು! ಹಿಂದಕ್ಕೆ ಮಾರ್ಖಾ ಕಡೆ ಇಳಿಸಿ, ದೂರ ಆದರೂ ಪರವಾಗಿಲ್ಲ. ನಿಮ್ಮ ದಾರಿಯಲ್ಲಿ ಲೋಬುಚೆಗಿಂತ ಮೇಲಿರುವ ಗೋರಕ್ ಶೆಪ್‌ನಿಂದ ಲೋಬುಚೆಗೆ ಬರುವಾಗಲೂ ನಡುವೆ ಏರು ಇದೆ, ಅಲ್ಲಿ ನಡೆಸಬೇಡಿ.

ನಿಮ್ಮ ಪ್ಲಾನ್‌ನಲ್ಲಿ ಡಿಂಗ್ಬೋಚೆಯಲ್ಲಿ ಒಂದೇ ರಾತ್ರಿ ಇದೆ. ಎರಡು ಮಾಡಿ. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರ ದಿನಕ್ಕೆ 500 ಮೀಟರ್‌ಗಿಂತ ಜಾಸ್ತಿ ಏರಿಸಬೇಡಿ. ಡಿಂಗ್ಬೋಚೆಯಿಂದ ಲೋಬುಚೆ ಅದನ್ನು ಸ್ವಲ್ಪ ದಾಟುತ್ತೆ, ಬೇಕಿದ್ದರೆ ನಡುವೆ ತುಕ್ಲಾದಲ್ಲಿ ಮಲಗಿ. ಆಮೇಲೆ ಕುದುರೆಗೆ ಅಂತ ನೇಪಾಳಿ ರೂಪಾಯಿ ನಗದು ಬೇರೆಯಾಗಿ ಇಟ್ಟುಕೊಳ್ಳಿ. ನಾಮ್ಚೆಯಲ್ಲೇ ಎಟಿಎಂನಿಂದ ತೆಗೆದುಬಿಡಿ, ಮೇಲೆ ಹೋದರೆ ಸಿಗಲ್ಲ.