ಹೂದಾನಿಯ ಕುತ್ತಿಗೆ ಕೊರಿಯರ್‌ನಲ್ಲಿ ಮುರಿಯದಿರಲು ಏನು ಮಾಡಬೇಕು?

ಪ್ರಶ್ನೆ: ನಾನು ಮಣ್ಣಿನ ಕಲಾಕೃತಿಗಳನ್ನು ಮಾಡಿ ಕೊರಿಯರ್‌ನಲ್ಲಿ ಕಳಿಸುತ್ತೇನೆ. ಎಷ್ಟು ಬಬಲ್ ರ‍್ಯಾಪ್ ಸುತ್ತಿದರೂ ಹೂದಾನಿಯ ಕುತ್ತಿಗೆ ಮುರಿಯುತ್ತದೆ. ಈಗ 2 ಹೂದಾನಿ, 12 ದೀಪ, 4 ತಟ್ಟೆಗಳ ಆರ್ಡರ್ ಇದೆ. ಏನೇನು ಸಾಮಾನು ಬೇಕು? ಪಟ್ಟಿ ಹೇಗೆ ಬರೆಯಲಿ?

ಉತ್ತರ: ಹೊರಗೆ ಡಬ್ಬ ಸರಿಯಾಗೇ ಇದ್ದು ಒಳಗೆ ಕುತ್ತಿಗೆ ಮುರಿದಿದ್ದರೆ, ಹೂದಾನಿ ಒಳಗೇ ಓಡಾಡಿದೆ ಎಂದರ್ಥ. ಹೊಟ್ಟೆಯ ಸುತ್ತ ರ‍್ಯಾಪ್ ಬಿಗಿಯಾಗಿರುತ್ತದೆ, ಕುತ್ತಿಗೆಯ ಸುತ್ತ ಜಾಗ ಖಾಲಿ ಇರುತ್ತದೆ. ಡಬ್ಬ ಮಗುಚಿದಾಗ ಭಾರವೆಲ್ಲ ಕುತ್ತಿಗೆಯ ಮೇಲೇ ಬೀಳುತ್ತದೆ.

ಮೊದಲು ಹೂದಾನಿಯನ್ನು ಟಿಶ್ಯೂ ಪೇಪರ್‌ನಲ್ಲಿ ಸುತ್ತಿ. ಇಲ್ಲದಿದ್ದರೆ ಬಣ್ಣ, ವಾರ್ನಿಶ್ ಮೇಲೆ ಗುಳ್ಳೆಯ ಗುರುತು ಉಳಿಯಬಹುದು. ಆಮೇಲೆ ಕುತ್ತಿಗೆಗೆ ಮಾತ್ರ ಬಬಲ್ ರ‍್ಯಾಪ್ ಸುತ್ತುತ್ತಾ ಅದನ್ನು ಹೊಟ್ಟೆಯಷ್ಟೇ ದಪ್ಪ ಮಾಡಿ. ನಂತರ ಪೂರ್ತಿ ಹೂದಾನಿಗೆ ಎರಡು ಸುತ್ತು ಹಾಕಿ, ಚಿಕ್ಕ ಡಬ್ಬದಲ್ಲಿಡಿ. ಆ ಡಬ್ಬ ದೊಡ್ಡ ಡಬ್ಬದೊಳಗೆ ಹೋಗಬೇಕು. ನಡುವೆ ಎಲ್ಲ ಕಡೆಯೂ 5 ಸೆಂ.ಮೀ. ಜಾಗ ಬಿಟ್ಟು, ಮುದ್ದೆ ಮಾಡಿದ ಕಾಗದ ಒತ್ತಿ ತುಂಬಿ. ಥರ್ಮೊಕೋಲ್ ಕಾಳು ಬೇಡ. ಭಾರದ ವಸ್ತು ಅಲುಗಾಡುತ್ತಾ ಅದರೊಳಗೆ ಇಳಿದು ತಳ ಮುಟ್ಟುತ್ತದೆ. ಹೊಳಪು ಕೊಡದ ಮಣ್ಣಿಗೆ ನ್ಯೂಸ್‌ಪೇಪರ್ ಕೂಡ ಬೇಡ, ಮಸಿ ಅಂಟುತ್ತದೆ.

ಹೂದಾನಿ 25 ಸೆಂ.ಮೀ. ಎತ್ತರ, 15 ಸೆಂ.ಮೀ. ಅಗಲ ಇದೆ ಅಂದುಕೊಳ್ಳೋಣ. ಒಳಡಬ್ಬ 20×20×30 ಸೆಂ.ಮೀ. ಸಾಕು. ಎರಡು ಒಳಡಬ್ಬ ಪಕ್ಕಪಕ್ಕ ಇಡಲು ಹೊರಡಬ್ಬ 55×30×40 ಬೇಕು.

ತಟ್ಟೆಗಳನ್ನು ಒಂದರ ಮೇಲೊಂದು ಮಲಗಿಸಬೇಡಿ, ಅಂಚಿನ ಮೇಲೆ ನಿಲ್ಲಿಸಿ. ದೀಪಗಳದ್ದು ಸುಲಭ, ಒಂದೊಂದನ್ನೂ ಸುತ್ತಿ ಎರಡು ಪದರದಲ್ಲಿಟ್ಟರಾಯಿತು.

ಸಾಮಾನು
- 5 ಪದರದ ಹೊರಡಬ್ಬ 3, 3 ಪದರದ ಒಳಡಬ್ಬ 2
- ಬಬಲ್ ರ‍್ಯಾಪ್, ಟಿಶ್ಯೂ, ಖಾಲಿ ಕಂದು ಕಾಗದ (ಇದು ಅಂದಾಜಿಗಿಂತ ಜಾಸ್ತಿಯೇ ಬೇಕಾಗುತ್ತದೆ)
- ಪದರ, ತಟ್ಟೆಗಳ ನಡುವೆ ಇಡಲು ರಟ್ಟು
- 2 ಇಂಚಿನ ಟೇಪ್, ಮಾರ್ಕರ್

ಡಬ್ಬವಾರು ಪಟ್ಟಿ
- ಡಬ್ಬ 1/3: ಕಂದು ಹೂದಾನಿ 2. ಒಳಡಬ್ಬ 1ಎ, 1ಬಿ, ತಲಾ ಒಂದು.
- ಡಬ್ಬ 2/3: ದೀಪ 12. ಕೆಳಪದರ 6, ಮೇಲ್ಪದರ 6, ನಡುವೆ ರಟ್ಟು.
- ಡಬ್ಬ 3/3: ಬಣ್ಣದ ತಟ್ಟೆ 4. ನಿಲ್ಲಿಸಿದೆ, ಮಧ್ಯೆ ರಟ್ಟು 3.

ಪ್ರತಿ ಡಬ್ಬದ ಪಟ್ಟಿಯನ್ನು ಅದರೊಳಗೇ ಮೇಲ್ಗಡೆ ಇಡಿ, ಒಂದು ಪ್ರತಿ ನಿಮ್ಮಲ್ಲಿರಲಿ. ಮುಚ್ಚುವ ಮುನ್ನ ಪಟ್ಟಿಯೂ ಕಾಣುವಂತೆ ಫೋಟೊ ತೆಗೆಯಿರಿ. ಹೊರಗೆ 1/3, 2/3 ಅಂತ ಮಾತ್ರ ಬರೆಯಿರಿ, ಬೆಲೆ ಬೇಡ.

ಟೇಪ್ ಹಾಕುವ ಮೊದಲು ಮುಚ್ಚಳ ಹಿಡಿದು ಡಬ್ಬವನ್ನು ಅಲುಗಾಡಿಸಿ. ಸದ್ದು ಬಂದರೆ, ಭಾರ ಒಂದು ಕಡೆ ಜರುಗಿದಂತೆ ಅನಿಸಿದರೆ, ಇನ್ನಷ್ಟು ಕಾಗದ ತುಂಬಿ. 'ಒಡೆಯುವ ವಸ್ತು' ಸ್ಟಿಕರ್ ಅಂಟಿಸಿ, ಆದರೆ ಅದನ್ನೇ ನಂಬಿ ಪ್ಯಾಕ್ ಮಾಡಬೇಡಿ. ಒಡೆದರೆ ಪರಿಹಾರ ಸಿಗುತ್ತದೆಯೇ ಎಂದು ಬುಕ್ ಮಾಡುವಾಗಲೇ ಕೇಳಿ. ಒಡೆಯುವ ವಸ್ತುಗಳನ್ನು ಪರಿಹಾರದಿಂದ ಹೊರಗಿಡುವ ಕೊರಿಯರ್‌ಗಳೂ ಇವೆ.