ನೋಟಿಸ್ ಜಿಮ್‌ಗೆ ಹೋಯಿತು, ಬ್ಯಾಂಕಿಗೆ ಹೋಗಲಿಲ್ಲ

ಮಾನ್ಯ ಸಂಪಾದಕರೇ,
ಶಿವಮೊಗ್ಗದ ವಿನೋಬನಗರದಲ್ಲಿದ್ದಾಗ ಒಂದು ಜಿಮ್ ಸೇರಿದ್ದೆ. ಮೊದಲ ವರ್ಷ ಮುಗಿದ ಮೇಲೆ ತಿಂಗಳ ಲೆಕ್ಕದಲ್ಲಿ ಮುಂದುವರಿಯಿತು. ಪ್ರತಿ 10ನೇ ತಾರೀಖು ಯುಪಿಐ ಆಟೋಪೇಯಲ್ಲಿ 1,500 ರೂಪಾಯಿ ಹೋಗುತ್ತಿತ್ತು. ಆಮೇಲೆ ಕೊಪ್ಪಕ್ಕೆ ವರ್ಗವಾಯಿತು. ಮಾರ್ಚ್ 5ರಂದು ಸದಸ್ಯತ್ವ ರದ್ದು ಮಾಡಿ ಎಂದು ಇ-ಮೇಲ್ ಕಳಿಸಿದೆ. ಅವರ ಫಾರಂನಲ್ಲಿ "30 ದಿನ ಮೊದಲು ಲಿಖಿತವಾಗಿ ತಿಳಿಸಬೇಕು" ಎಂದಷ್ಟೇ ಇದೆ. "ಮೇಲ್ ಬಂದಿದೆ ಮೇಡಂ, ನೋಡ್ತೀವಿ" ಎಂದು ಮ್ಯಾನೇಜರ್ ವಾಟ್ಸ್ಆ್ಯಪ್ ಮಾಡಿದರು. ಆದರೂ ಏಪ್ರಿಲ್, ಮೇ, ಜೂನ್ ಮೂರೂ ತಿಂಗಳು ಹಣ ಹೋಗಿದೆ. ಕೇಳಿದರೆ "ಖುದ್ದಾಗಿ ಬಂದು ಸಹಿ ಮಾಡದೆ ಕ್ಯಾನ್ಸಲ್ ಆಗಲ್ಲ" ಅಂತಾರೆ. ಏನು ಮಾಡಲಿ?
— ಓದುಗರು, ಕೊಪ್ಪ

ಆತ್ಮೀಯರೇ,

ಮೊದಲು ಒಂದು ಕೆಲಸ ಮಾಡಿ, ಉಳಿದದ್ದನ್ನು ಆಮೇಲೆ ಓದಿ. ನಿಮ್ಮ ಯುಪಿಐ ಆ್ಯಪ್ ತೆರೆದು ಆಟೋಪೇ ಎಂಬಲ್ಲಿಗೆ ಹೋಗಿ. ಅಲ್ಲಿ ನೀವು ಒಪ್ಪಿಗೆ ಕೊಟ್ಟಿರುವ ಎಲ್ಲ ಮ್ಯಾಂಡೇಟ್‌ಗಳ ಪಟ್ಟಿ ಇರುತ್ತದೆ. ಜಿಮ್‌ನ ಹೆಸರೇ ಇರಬೇಕೆಂದಿಲ್ಲ. ಹಣ ವಸೂಲಿಗೆ ಅವರು ಬಳಸುವ ಬೇರೆ ಕಂಪನಿಯ ಹೆಸರು ಇರಬಹುದು. 1,500 ರೂಪಾಯಿ, 10ನೇ ತಾರೀಖು, ಇವೆರಡನ್ನೂ ನೋಡಿ ಗುರುತಿಸಿ. ತಾತ್ಕಾಲಿಕವಾಗಿ ನಿಲ್ಲಿಸುವ ಆಯ್ಕೆಯೂ ಅಲ್ಲೇ ಕಾಣುತ್ತದೆ, ಅದನ್ನು ಒತ್ತಬೇಡಿ. ಪೂರ್ತಿ ರದ್ದು ಮಾಡುವುದನ್ನು ಆರಿಸಿ ಪಿನ್ ಹಾಕಿ. ರದ್ದಾಗಿದೆ ಎಂಬ ಪರದೆಯ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಜುಲೈ 10ರ ಕಂತಿಗೆ ಕನಿಷ್ಠ ಎರಡು ದಿನ ಮೊದಲೇ ಇದು ಆಗಿರಲಿ.

ಇದನ್ನು ಮೊದಲು ಹೇಳಿದ್ದಕ್ಕೆ ಕಾರಣವಿದೆ. ಜಿಮ್ ಸೇರಿದ ದಿನ ನೀವು ಎರಡು ಕಡೆ ಒಪ್ಪಿಗೆ ಕೊಟ್ಟಿರಿ. ಒಂದು ಜಿಮ್‌ನ ಜೊತೆಗಿನ ಒಪ್ಪಂದ. ಇನ್ನೊಂದು, ಪ್ರತಿ ತಿಂಗಳು ಇಷ್ಟು ಹಣ ಕೊಡು ಎಂದು ನಿಮ್ಮ ಬ್ಯಾಂಕಿಗೆ ಕೊಟ್ಟ ಅಪ್ಪಣೆ. ನಿಮ್ಮ ಇ-ಮೇಲ್ ಮೊದಲನೆಯದನ್ನು ಮುಗಿಸಿತು. ಎರಡನೆಯದು ಹಾಗೇ ಉಳಿಯಿತು. ನೀವು ಜಿಮ್‌ಗೆ ಬರೆದ ಮೇಲ್ ಬ್ಯಾಂಕಿಗೆ ಗೊತ್ತೇ ಇಲ್ಲ, ಅಲ್ವಾ? ಅದಕ್ಕೇ ಈ ಮೂರು ಕಂತುಗಳ ಬಗ್ಗೆ ಬ್ಯಾಂಕಿನ ಜೊತೆ ಜಗಳಕ್ಕೆ ಹೋದರೆ ಪ್ರಯೋಜನ ಕಡಿಮೆ. ಮ್ಯಾಂಡೇಟ್ ಚಾಲ್ತಿಯಲ್ಲಿತ್ತು ಎಂದು ಅವರು ಹೇಳುತ್ತಾರೆ. ಆ ಹಣ ವಾಪಸ್ ಕೊಡಬೇಕಾದವರು ಜಿಮ್‌ನವರು.

ಮ್ಯಾಂಡೇಟ್ ರದ್ದಾದ ಮೇಲೂ ಹಣ ಹೋದರೆ ಮಾತು ಬೇರೆ. ಆಗ ಬ್ಯಾಂಕಿಗೆ ಲಿಖಿತ ದೂರು ಕೊಡಿ. 30 ದಿನದಲ್ಲಿ ಸರಿಯಾದ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ cms.rbi.org.in ನಲ್ಲಿ ದೂರು ಸಲ್ಲಿಸಬಹುದು.

ಖಾತೆ ಖಾಲಿ ಇಟ್ಟರೆ ಆಯ್ತು, ತಾನಾಗೇ ನಿಲ್ಲುತ್ತದೆ ಎಂದು ಯಾರಾದರೂ ನಿಮಗೆ ಹೇಳಿರಬಹುದು. ದಯವಿಟ್ಟು ಹಾಗೆ ಮಾಡಬೇಡಿ. ಮ್ಯಾಂಡೇಟ್ ಜೀವಂತ ಇರುವಾಗ ಹಣವಿಲ್ಲದೆ ಕಂತು ವಾಪಸಾದರೆ ಬ್ಯಾಂಕ್ ದಂಡ ಹಾಕಬಹುದು. 2007ರ ಪಾವತಿ ವ್ಯವಸ್ಥೆಗಳ ಕಾಯ್ದೆಯ 25ನೇ ಸೆಕ್ಷನ್ ಇದನ್ನು ಚೆಕ್ ಬೌನ್ಸ್ ಥರವೇ ನೋಡುತ್ತದೆ. ನಿಮ್ಮ ಕಡೆ ನ್ಯಾಯ ಇರುವಾಗ ಸುಮ್ನೆ ಅವರ ಕೈಗೆ ಒಂದು ಕೋಲು ಯಾಕೆ ಕೊಡಬೇಕು?

ಈಗ ಖುದ್ದು ಸಹಿಯ ವಿಷಯ. ಫಾರಂನಲ್ಲಿ ಇರುವುದು "ಲಿಖಿತವಾಗಿ" ಎಂಬ ಒಂದೇ ಮಾತು. ಇ-ಮೇಲ್ ಕೂಡ ಬರಹವೇ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ಎಲೆಕ್ಟ್ರಾನಿಕ್ ಬರಹಕ್ಕೆ ಮಾನ್ಯತೆ ಕೊಟ್ಟು ಎಷ್ಟೋ ವರ್ಷವಾಯಿತು. ಒಪ್ಪಂದದಲ್ಲಿ ಇಲ್ಲದ ಷರತ್ತನ್ನು ನೋಟಿಸ್ ಬಂದ ಮೇಲೆ ಹೊಸದಾಗಿ ಸೇರಿಸಲು ಅವರಿಗೆ ಹಕ್ಕಿಲ್ಲ. ಕೊಪ್ಪದಿಂದ ಶಿವಮೊಗ್ಗಕ್ಕೆ ಒಂದು ಸಹಿಗಾಗಿ ಬನ್ನಿ ಅನ್ನುವುದು ನಿಮ್ಮನ್ನು ಸುಸ್ತು ಮಾಡುವ ದಾರಿ. ನನಗೆ ನಿಜಕ್ಕೂ ಸಿಟ್ಟು ಬಂದಿದ್ದು ಇಲ್ಲೇ.

ಆ ಮ್ಯಾನೇಜರ್ ವಾಟ್ಸ್ಆ್ಯಪ್ ಇದೆಯಲ್ಲ, ಅದು ನಿಮ್ಮ ಬಳಿ ಇರುವ ಅತ್ಯಂತ ಬೆಲೆಬಾಳುವ ದಾಖಲೆ. ಇಂಥ ತಕರಾರುಗಳಲ್ಲಿ ಎದುರಿನವರ ಮೊದಲ ಮಾತೇ "ನಮಗೆ ನೋಟಿಸ್ ಬಂದಿಲ್ಲ" ಎಂಬುದು. ನಮ್ಮ ಕಚೇರಿಗೂ ಚಂದಾ ನಿಲ್ಲಿಸಿ ಎಂಬ ಪತ್ರಗಳು ಬರುತ್ತವೆ. ಬಂದ ದಿನವೇ ಅದರ ಮೇಲೆ ತಾರೀಖಿನ ಮೊಹರು ಬೀಳುತ್ತದೆ, ಲೆಕ್ಕ ಶುರುವಾಗುವುದು ಅಲ್ಲಿಂದ. ನಿಮ್ಮ ವಿಷಯದಲ್ಲಿ ಆ ಮೊಹರನ್ನು ಮ್ಯಾನೇಜರ್ ತಾವೇ ಒತ್ತಿಕೊಟ್ಟಿದ್ದಾರೆ. ತಾರೀಖು, ನಂಬರ್ ಎರಡೂ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆಯಿರಿ. ಮೂಲ ಮೆಸೇಜನ್ನು ಫೋನಿನಿಂದ ಅಳಿಸಬೇಡಿ.

ಲೆಕ್ಕ ಹೀಗಿದೆ. ಮಾರ್ಚ್ 5ಕ್ಕೆ 30 ದಿನ ಸೇರಿಸಿದರೆ ಏಪ್ರಿಲ್ 4. ಮಾರ್ಚ್ 10ರ ಕಂತು ನೋಟಿಸ್ ಅವಧಿಯೊಳಗಿನದು, ಅದನ್ನು ಕೇಳಬೇಡಿ. ಏಪ್ರಿಲ್ 10, ಮೇ 10, ಜೂನ್ 10ರ ಕಂತುಗಳು ನಿಮ್ಮವು. ಒಟ್ಟು 4,500 ರೂಪಾಯಿ. ನ್ಯಾಯವಾಗಿ ಬರಬೇಕಾದ್ದನ್ನಷ್ಟೇ ಕೇಳಿದ ಪತ್ರಕ್ಕೆ ತೂಕ ಜಾಸ್ತಿ.

ಈ ನಾಲ್ಕು ಸಾಲು ಸಾಕು:

"ಮಾರ್ಚ್ 5ರ ನನ್ನ ಇ-ಮೇಲ್ ನಿಮಗೆ ತಲುಪಿದ್ದನ್ನು ನಿಮ್ಮ ಮ್ಯಾನೇಜರ್ ಒಪ್ಪಿದ್ದಾರೆ. ಒಪ್ಪಂದದ ಪ್ರಕಾರ ನನ್ನ ಸದಸ್ಯತ್ವ ಏಪ್ರಿಲ್ 4ಕ್ಕೆ ಮುಗಿದಿದೆ. ಆಮೇಲೆ ಪಡೆದ ಮೂರು ಕಂತುಗಳ 4,500 ರೂಪಾಯಿಯನ್ನು 15 ದಿನದೊಳಗೆ ಹಿಂದಿರುಗಿಸಿ. ಸದಸ್ಯತ್ವ ಮುಗಿದಿದೆ, ಯಾವ ಬಾಕಿಯೂ ಇಲ್ಲ ಎಂದು ಬರೆದು ಕೊಡಿ."

ಇ-ಮೇಲ್, ಕಂತುಗಳು ಕಾಣುವ ಬ್ಯಾಂಕ್ ಸ್ಟೇಟ್‌ಮೆಂಟ್, ಫಾರಂನ ಪ್ರತಿ ಜೊತೆಗಿಟ್ಟು ಕೊಪ್ಪದ ಅಂಚೆ ಕಚೇರಿಯಿಂದ ಸ್ಪೀಡ್ ಪೋಸ್ಟ್ ಮಾಡಿ. ರಸೀದಿಯ ನಂಬರ್ ಹಾಕಿ ಪತ್ರ ಎಂದು ತಲುಪಿತು ಎಂಬುದನ್ನು ಇಂಡಿಯಾ ಪೋಸ್ಟ್ ಜಾಲತಾಣದಲ್ಲಿ ನೋಡಿ, ಆ ಪುಟವನ್ನೂ ಉಳಿಸಿಕೊಳ್ಳಿ. ಬಾಕಿ ಇಲ್ಲ ಎಂಬ ಬರಹವನ್ನು ಬಿಡದೆ ಕೇಳಿ. ಮ್ಯಾಂಡೇಟ್ ಮಾತ್ರ ರದ್ದು ಮಾಡಿ ಸುಮ್ಮನಾದರೆ, ನೀವು ಕಂತು ಕಟ್ಟಿಲ್ಲ ಎಂದು ನಾಳೆ ಅವರೇ ಫೋನ್ ಮಾಡಬಹುದು.

ಉತ್ತರ ಬರದಿದ್ದರೆ 1915ಕ್ಕೆ ಕರೆ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು. ಅವರು ಆದೇಶ ಮಾಡುವುದಿಲ್ಲ, ದೂರನ್ನು ಎದುರಿನವರಿಗೆ ಮುಟ್ಟಿಸಿ ಬಗೆಹರಿಸಲು ನೋಡುತ್ತಾರೆ. ಆದೇಶ ಬೇಕಿದ್ದರೆ ಜಿಲ್ಲಾ ಗ್ರಾಹಕರ ಆಯೋಗವೇ ಬೇಕು. 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ ದೂರುದಾರರು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಅಂದರೆ ಶಿವಮೊಗ್ಗ ಬೇಡ ಅನ್ನಿಸಿದರೆ ಚಿಕ್ಕಮಗಳೂರಿನಲ್ಲೇ ಕೊಡಿ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರು ಇರಲೇಬೇಕೆಂದಿಲ್ಲ. ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ಸಲ್ಲಿಸಬಹುದು. ವಿಡಿಯೊ ಮೂಲಕ ವಿಚಾರಣೆ ಬೇಕೆಂದು ಅರ್ಜಿ ಹಾಕಲೂ ಅವಕಾಶವಿದೆ. ಎರಡು ವರ್ಷದೊಳಗೆ ದೂರು ಕೊಡಬೇಕು ಅಷ್ಟೇ. ದೂರಿನಲ್ಲಿ ಸೇವಾ ನ್ಯೂನತೆ, ಅನುಚಿತ ವ್ಯಾಪಾರ ಪದ್ಧತಿ ಎಂದು ಬರೆಯಿರಿ. ಒಪ್ಪಂದವೇ ಅನ್ಯಾಯದ್ದು ಎಂದು ವಾದಿಸಿದರೆ ಅದು ರಾಜ್ಯ ಆಯೋಗದ ವ್ಯಾಪ್ತಿಗೆ ಹೋಗುತ್ತದೆ. ನಿಮಗೆ ಅದರ ಅಗತ್ಯವೇ ಇಲ್ಲ, ಏಕೆಂದರೆ ಒಪ್ಪಂದ ನಿಮ್ಮ ಪರವಾಗಿಯೇ ಇದೆ.

ಇದನ್ನು ಓದುವ ಬೇರೆಯವರಿಗೂ ಒಂದು ಮಾತು. ವರ್ಷದ ಪ್ಯಾಕೇಜನ್ನು ಫೈನಾನ್ಸ್ ಕಂಪನಿಯ ಇಎಂಐನಲ್ಲಿ ತೆಗೆದುಕೊಂಡಿದ್ದರೆ ಈ ಉತ್ತರದ ಮೊದಲ ಪ್ಯಾರಾವನ್ನು ಅನುಸರಿಸಬೇಡಿ. ಅದು ಜಿಮ್ ಶುಲ್ಕವಲ್ಲ, ಸಾಲ. ಜಿಮ್ ಬಿಟ್ಟರೂ ಸಾಲ ನಿಲ್ಲುವುದಿಲ್ಲ. ಕಂತು ತಪ್ಪಿದರೆ ಕ್ರೆಡಿಟ್ ಸ್ಕೋರ್ ಬೀಳುತ್ತದೆ. ಸ್ಟೇಟ್‌ಮೆಂಟಿನಲ್ಲಿ ಫೈನಾನ್ಸ್ ಕಂಪನಿಯ ಹೆಸರು ಕಂಡರೆ, ಸಾಲವನ್ನು ಮುಚ್ಚಿಸಿ ಎಂದು ಜಿಮ್‌ಗೂ ಕಂಪನಿಗೂ ಒಟ್ಟಿಗೇ ಬರೆಯಿರಿ, ಅದು ಮುಚ್ಚುವ ತನಕ ಕಂತು ಕಟ್ಟುತ್ತಿರಿ.

ಕೊಪ್ಪದ ಓದುಗರೇ, ನಿಮ್ಮ ಫಾರಂನ ಹಿಂಬದಿಯನ್ನೂ ಒಮ್ಮೆ ಓದಿ ನೋಡಿ. ರದ್ದತಿಯ ಬಗ್ಗೆ ಅಲ್ಲಿ ಬೇರೆ ಸಾಲು ಇದ್ದರೆ ಪತ್ರ ಕಳಿಸುವ ಮೊದಲು ಅದರ ಫೋಟೊವನ್ನು ನಮಗೆ ಕಳಿಸಿ. ಪತ್ರವನ್ನು ಒಟ್ಟಿಗೇ ತಿದ್ದೋಣ.

— ಸಂಪಾದಕ