ಪಿಎಸ್5ಗೆ ಸ್ಟೀರಿಂಗ್ ವೀಲ್: ಮೊದಲು ಮೇಜಿನ ಅಂಚನ್ನು ನೋಡಿ

ಪ್ರಶ್ನೆ: ಪಿಎಸ್5ಗೆ ಸ್ಟೀರಿಂಗ್ ವೀಲ್, ಪೆಡಲ್ ಕೊಳ್ಳಬೇಕು. ಓದುವ ಮೇಜಿಗೆ ಕ್ಲ್ಯಾಂಪ್ ಮಾಡುತ್ತೇನೆ. ಚಕ್ರವನ್ನು ಮೋಟಾರಿಗೇ ನೇರವಾಗಿ ಜೋಡಿಸಿದ, ಹೆಚ್ಚು ಬಲದ ಡೈರೆಕ್ಟ್ ಡ್ರೈವ್ ತೆಗೆದುಕೊಳ್ಳಲೇ, ಲಾಜಿಟೆಕ್ ಕಂಪನಿಯ ಜಿ29 ಸಾಕೇ?

ನಾನೂ ಮೋಟಾರಿನ ಬಲವನ್ನಷ್ಟೇ ಹೋಲಿಸಿ ನೋಡಿ, ಮೇಜಿನ ಕಡೆ ಕಣ್ಣೆತ್ತದೆ ವೀಲ್ ತಂದವನು. ನನ್ನದು ಮೇಲೆ ಲ್ಯಾಮಿನೇಟ್ ಅಂಟಿಸಿದ ಪಾರ್ಟಿಕಲ್ ಬೋರ್ಡಿನ ಮೇಜು. ಅದರ ಅಂಚು ಕೆಳಗಿನ ಕಬ್ಬಿಣದ ಚೌಕಟ್ಟಿನಿಂದ ಎರಡು ಬೆರಳಿನಷ್ಟು ಮಾತ್ರ ಮುಂದೆ ಚಾಚಿಕೊಂಡಿದ್ದುದರಿಂದ ಕ್ಲ್ಯಾಂಪಿನ ಹಿಡಿತಕ್ಕೆ ತುದಿಯಷ್ಟೇ ಸಿಕ್ಕಿತು. ಆಟದಲ್ಲಿ ಕಾರು ಅಡ್ಡ ಜಾರಿದಾಗ ಮೋಟಾರು ವೀಲನ್ನು ಒಂದು ಕಡೆಗೆ ಎಳೆಯುತ್ತದೆ, ನಾವು ಇನ್ನೊಂದು ಕಡೆಗೆ ಎಳೆಯುತ್ತೇವೆ, ಆ ತಿರುಚುವಿಕೆಯೆಲ್ಲ ಎರಡು ಕ್ಲ್ಯಾಂಪುಗಳ ಪುಟ್ಟ ಪಾದಗಳ ಮೂಲಕ ಹಲಗೆಗೆ ಇಳಿಯುತ್ತದೆ. ಕ್ಲ್ಯಾಂಪ್ ಸಡಿಲವಾದಾಗಲೆಲ್ಲ ನಾನು ತಿರುಪನ್ನು ಇನ್ನಷ್ಟು ಬಿಗಿ ಮಾಡುತ್ತಿದ್ದೆ. ತಪ್ಪಾದದ್ದು ಅಲ್ಲಿಯೇ: ತಿರುಪು ತಾನಾಗಿ ಬಿಚ್ಚಿಕೊಳ್ಳುತ್ತಿರಲಿಲ್ಲ, ಪಾದದಡಿಯ ಹಲಗೆ ಜಜ್ಜಿಹೋಗಿ ತೆಳುವಾಗುತ್ತಿತ್ತು, ಬಿಗಿ ಮಾಡಿದಷ್ಟೂ ಅದು ಇನ್ನಷ್ಟು ಜಜ್ಜಿ, ಕೊನೆಗೆ ಲ್ಯಾಮಿನೇಟ್ ಎದ್ದು ಅಂಚು ಪುಡಿಯಾಗಿ ಉದುರಿತು. ಮೇಜಿನ ಅಡಿಯಲ್ಲಿ ಪಾದದ ಗುರುತು ಗುಳಿಯಾಗಿ ಕಾಣಿಸಿದ ದಿನವೇ ನಿಲ್ಲಿಸಬೇಕಿತ್ತು. ಅಂಚು ಸಾಕಷ್ಟು ಚಾಚಿರುವ ಮೇಜಾದರೆ ಪಾದಕ್ಕೂ ಹಲಗೆಗೂ ನಡುವೆ ಅಂಗೈಯಗಲದ ಪ್ಲೈವುಡ್ ತುಂಡು ಇಟ್ಟು ಒತ್ತಡವನ್ನು ಹರಡಬಹುದು. ನನ್ನ ಮೇಜಿನಲ್ಲಿ ಅದಕ್ಕೂ ಜಾಗವಿರಲಿಲ್ಲ.

ಆದ್ದರಿಂದ ಬಲ ಎಷ್ಟು ಬೇಕೆಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಮೇಜಿನ ಅಂಚನ್ನು ಎರಡೂ ಕೈಗಳಿಂದ ಹಿಡಿದು ಸ್ಟೀರಿಂಗಿನಂತೆ ತಿರುಚಿ ನೋಡಿ. ಕಾಲುಗಳು ಅಲುಗಾಡಿದರೆ ಸುಮಾರು 2 ನ್ಯೂಟನ್-ಮೀಟರ್ ಬಲದ ಜಿ29 ಕೂಡ ಆ ಮೇಜಿಗೆ ಹೆಚ್ಚೇ. 5 ನ್ಯೂಟನ್-ಮೀಟರಿನ ಡೈರೆಕ್ಟ್ ಡ್ರೈವ್ ಕೊಳ್ಳುವುದಾದರೆ ಅದನ್ನು ಬೋಲ್ಟ್ ಹಾಕಿ ಕೂರಿಸುವ ವೀಲ್ ಸ್ಟ್ಯಾಂಡಿಗೂ ಹಣ ತೆಗೆದಿಡಿ. ಸ್ಟ್ಯಾಂಡ್ ಪೆಡಲುಗಳನ್ನೂ ಹಿಡಿದಿಡುತ್ತದೆ. ಇಲ್ಲದಿದ್ದರೆ ನುಣುಪಾದ ಟೈಲ್ಸ್ ಮೇಲೆ ಬ್ರೇಕ್ ಒತ್ತಿದಾಗ ಪೆಡಲ್ ಮುಂದಕ್ಕೆ ಜಾರುತ್ತದೆ, ಗಾಲಿಯ ಕುರ್ಚಿ ಹಿಂದಕ್ಕೆ ಉರುಳುತ್ತದೆ. ಪೆಡಲಿನ ಹಿಂಬದಿಗೂ ಗೋಡೆಗೂ ನಡುವೆ ಮರದ ಹಲಗೆ ಕೊಟ್ಟು, ಗಾಲಿಯಿಲ್ಲದ ಕುರ್ಚಿಯಲ್ಲಿ ಕುಳಿತರೆ ಎರಡೂ ನಿಲ್ಲುತ್ತವೆ.

ಕನ್ಸೋಲಿನ ವಿಷಯದಲ್ಲಿ ಹೆಸರನ್ನಷ್ಟೇ ನಂಬಬೇಡಿ. ಜಿ29 ಪ್ಲೇಸ್ಟೇಷನ್ನಿನದು, ಅದರ ಜೋಡಿಯಾದ ಜಿ920 ಎಕ್ಸ್‌ಬಾಕ್ಸಿನದು. ಆದರೆ ಜಿ923 ಎಂಬ ಒಂದೇ ಹೆಸರಿನಲ್ಲಿ ಎರಡೂ ಬಗೆಯವು ಮಾರಾಟವಾಗುತ್ತವೆ, ಒಂದರ ಬದಲು ಇನ್ನೊಂದು ನಡೆಯುವುದಿಲ್ಲ. ವೀಲಿನ ಮೇಲೆ ತ್ರಿಕೋನ, ಚೌಕದ ಗುಂಡಿಗಳಿದ್ದರೆ ನಿಮ್ಮದು. ಫ್ಯಾನಟೆಕ್ ಕಂಪನಿಯ ವೀಲುಗಳಲ್ಲಿ ಪ್ಲೇಸ್ಟೇಷನ್ ಬೆಂಬಲ ಇರುವುದು ಮೋಟಾರಿನ ಬೇಸಿನಲ್ಲಿ, ಎಕ್ಸ್‌ಬಾಕ್ಸಿನದು ಕೈಯಲ್ಲಿ ಹಿಡಿಯುವ ಚಕ್ರದಲ್ಲಿ. ಆದ್ದರಿಂದ ಬಿಡಿಬಿಡಿಯಾಗಿ ಕೊಳ್ಳುವಾಗ ನೀವು ಬೇಸನ್ನು ನೋಡಬೇಕು. ಅಗ್ಗವೆಂದು ಹಳೆಯ ಜಿ27 ತರಬೇಡಿ, ಪಿಎಸ್5 ಅದನ್ನು ಗುರುತಿಸುವುದಿಲ್ಲ.